ಫೋಟೋದಿಂದ ಗದ್ದೆ ಅಳತೆ: ± ಎಷ್ಟು ಅಂತ ಬರೆಯುವುದು?

ಕೇಳಿದವರು (ಕುಮಟಾ ಕಡೆ): ನಮ್ಮ ಗಜನಿಯ ಕಟ್ಟು ಒಡೆದು ಕಗ್ಗದ ಗದ್ದೆಗೆ ಉಪ್ಪುನೀರು ನುಗ್ಗಿದೆ. ಡ್ರೋನ್ ಫೋಟೋದಲ್ಲಿ ಗಡಿ ಗುರುತಿಸಿ ಅಳೆದೆ, 2,412 ಚದರ ಮೀಟರ್ ಬಂತು. ಕಟ್ಟಿನ ಮೇಲೆ 10 ಮೀಟರ್ ಅಂತರಕ್ಕೆ ಎರಡು ಬಿದಿರು ಗಳ ನೆಟ್ಟಿದ್ದೆವು. ಫೋಟೋದಲ್ಲಿ ಅವುಗಳ ನಡುವೆ 200 ಪಿಕ್ಸೆಲ್. ಪಿಕ್ಸೆಲ್ ಎರಡು ಮೂರು ಆಚೀಚೆ ಆಗಿರಬಹುದು. ಅರ್ಜಿಯಲ್ಲಿ "ಇಷ್ಟರಿಂದ ಇಷ್ಟು" ಅಂತ ಹೇಗೆ ಬರೆಯಲಿ?

ಹೊನ್ನಾವರದಿಂದ: ಚದರ ಮೀಟರ್ ಬೇಡ ಮಾರಾಯ್ರೆ, ಗುಂಟೆಯಲ್ಲಿ ಬರೆಯಿರಿ. ಸುಮಾರು 24 ಗುಂಟೆ. ಸರ್ವೇಯವರನ್ನು ಕರೆಸಿದರೆ ಅವರೇ ಅಳೆದು ಕೊಡ್ತಾರೆ.

ಅಂಕೋಲಾದಿಂದ: ಲೆಕ್ಕ ಸುಲಭ ಇದೆ. ಒಂದು ಪಿಕ್ಸೆಲ್ ಅಂದರೆ 5 ಸೆಂಟಿಮೀಟರ್. ಗಡಿ 3 ಪಿಕ್ಸೆಲ್ ಆಚೀಚೆ ಆದರೆ 15 ಸೆಂಟಿಮೀಟರ್. ನಿಮ್ಮ ಜಾಗದ ಸುತ್ತಳತೆ ಎಷ್ಟು? ಅದನ್ನು 0.15ರಿಂದ ಗುಣಿಸಿ, ಅದೇ ನಿಮ್ಮ ±.

ಕೇಳಿದವರು: ಸುತ್ತಳತೆ 209 ಮೀಟರ್. ಹಾಗಾದರೆ ±31 ಚದರ ಮೀಟರ್. ಇಷ್ಟೇನಾ?

ಕಾರವಾರದಿಂದ, ನಕ್ಷೆ ಕೆಲಸ ಮಾಡುವವರು: ಗಡಿಯ ಲೆಕ್ಕ ಸರಿ. ಕೈ ನಡುಗಿ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಹೋದರೆ ಆ ತಪ್ಪು ತನ್ನಷ್ಟಕ್ಕೆ ಕಳೆದುಹೋಗ್ತದೆ. ಆದರೆ ಅಂಚಿನ ಹುಲ್ಲು ನೀರಿನ ಮೇಲೆ ಬಾಗಿದ್ದರೆ ಸುತ್ತಲೂ ಒಂದೇ ಕಡೆಗೆ ತಪ್ಪುತ್ತದೆ. ಹಾಗಾಗಿ 31 ಇಟ್ಟುಕೊಳ್ಳಿ.

ದೊಡ್ಡ ತಪ್ಪು ಇರುವುದು ಗಳದಲ್ಲಿ. ಒಂದೊಂದು ತುದಿ ±2 ಪಿಕ್ಸೆಲ್ ಅಂದರೆ, ಎರಡೂ ಸೇರಿ √(2² + 2²), ಸುಮಾರು 2.8. 200ರಲ್ಲಿ 2.8 ಅಂದರೆ 1.4%. ಟೇಪಿನ ತಪ್ಪು 5 ಸೆಂಟಿಮೀಟರ್ ಅಂತ ಹಿಡಿದರೆ 0.5%. ಎರಡನ್ನೂ ಹೀಗೇ ಸೇರಿಸಿದರೆ ಸುಮಾರು 1.5%. ಇದು ಉದ್ದದ ತಪ್ಪು. ವಿಸ್ತೀರ್ಣ ಬರುವುದು ಈ ಅಳತೆಯ ವರ್ಗದಿಂದ, ಹಾಗಾಗಿ ತಪ್ಪು ಎರಡರಷ್ಟು: 3%. ಅಂದರೆ 72 ಚದರ ಮೀಟರ್.

ಈಗ 31 ಮತ್ತು 72 ಸೇರಿಸಿ:

```
√(31² + 72²) ≈ 78
```

"2,410 ± 80 ಚದರ ಮೀಟರ್, ಅಂದರೆ 2,330ರಿಂದ 2,490" ಅಂತ ಬರೆಯಿರಿ. ಗುಂಟೆ ಬೇಕಾದರೆ 23.0ರಿಂದ 24.6. 2,412ರ ಕೊನೆಯ 2 ಬಿಟ್ಟುಬಿಡಿ, ತಪ್ಪೇ 80 ಇರುವಾಗ ಅದಕ್ಕೆ ಅರ್ಥ ಇಲ್ಲ.

ಅಂಕೋಲಾದಿಂದ: ಓ, ಗಳದ ಕಡೆ ನಾನು ನೋಡಲೇ ಇಲ್ಲ. ಹಾಗಾದರೆ ಗಳ ದೂರ ದೂರ ನೆಟ್ಟರೆ?

ಕಾರವಾರದಿಂದ: ಅದೇ ಮದ್ದು. 40 ಮೀಟರ್ ಅಂತರ ಇದ್ದರೆ 800 ಪಿಕ್ಸೆಲ್. ಅದೇ 2.8 ಪಿಕ್ಸೆಲ್ ತಪ್ಪು ಆಗ 0.35%ಗೆ ಇಳಿಯುತ್ತದೆ. ಟೇಪಿಗೆ 10 ಸೆಂಟಿಮೀಟರ್ ಬಿಟ್ಟರೂ ವಿಸ್ತೀರ್ಣದಲ್ಲಿ ಒಂದು ಶೇಕಡಾ ಕೂಡ ಆಗುವುದಿಲ್ಲ. ಒಟ್ಟು ± ಸುಮಾರು 40ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಗಡಿಯ ಹುಲ್ಲೇ ದೊಡ್ಡದು, ಗಳ ಇನ್ನೂ ದೂರ ಹಾಕಿ ಲಾಭ ಇಲ್ಲ.

ಶಿರಸಿಯಿಂದ: ನಾನು ಕಾಳುಮೆಣಸಿನ ಎಲೆಯ ಮೇಲಿನ ರೋಗದ ಕಲೆಯನ್ನು ಫೋಟೋದಲ್ಲಿ ಅಳೆಯುತ್ತೇನೆ. ಎಲೆಯ ಕೆಳಗೆ ಗ್ರಾಫ್ ಹಾಳೆ ಇಡುತ್ತೇನೆ. ಅಡ್ಡಕ್ಕೆ 10 ಸೆಂಟಿಮೀಟರ್‌ಗೆ 620 ಪಿಕ್ಸೆಲ್, ಉದ್ದಕ್ಕೆ 590 ಬಂದರೆ ಮೊಬೈಲ್ ಓರೆ ಹಿಡಿದಿದೆ ಅಂತ ಗೊತ್ತಾಗುತ್ತದೆ. ಈ 5% ವ್ಯತ್ಯಾಸವನ್ನು ಪಿಕ್ಸೆಲ್ ತಪ್ಪು ಅಂತ ± ಒಳಗೆ ತುರುಕಬಾರದು, ಫೋಟೋ ಮತ್ತೆ ತೆಗೆಯಬೇಕು. ನೀವೂ ಗಳಗಳನ್ನು ಎರಡು ದಿಕ್ಕಿಗೆ ನೆಡಬೇಕಿತ್ತು ಅಲ್ವಾ?

ಕಾರವಾರದಿಂದ: ಒಳ್ಳೆಯ ಮಾತು. ಇದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ಅದೇ ನನಗೆ ಜಾಸ್ತಿ ಚಿಂತೆ. ಗಳ ಇದ್ದದ್ದು ಕಟ್ಟಿನ ಮೇಲೆ. ಕಟ್ಟು ನೀರಿಗಿಂತ ಎಷ್ಟು ಎತ್ತರ? ಡ್ರೋನ್ ಎಷ್ಟು ಮೇಲಿತ್ತು?

ಕೇಳಿದವರು: ಕಟ್ಟು ಒಂದು ಮೀಟರ್ ಇರಬಹುದು. ಡ್ರೋನ್ 50 ಮೀಟರ್ ಅಂದಿದ್ದರು ಹಾರಿಸಿದವರು.

ಕಾರವಾರದಿಂದ: ನೀರಿನಿಂದ 50 ಅಂತ ಹಿಡಿದರೆ, ಕಟ್ಟಿಗೆ ಕ್ಯಾಮೆರಾ 49 ಮೀಟರ್ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಕಟ್ಟಿನ ಮೇಲೆ 10 ಮೀಟರ್‌ಗೆ 200 ಪಿಕ್ಸೆಲ್ ಇದ್ದರೆ, ನೀರಿನ ಮಟ್ಟದಲ್ಲಿ 196 ಮಾತ್ರ. ವಿಸ್ತೀರ್ಣ 4% ಕಡಿಮೆ ತೋರಿಸಿದೆ. ಸರಿ ಮಾಡಿದರೆ 2,510ರ ಹತ್ತಿರ, ಈಗ ಬರೆದ ಮೇಲಿನ ಅಂಚನ್ನೂ ದಾಟಿತು! ಇದು ಒಂದೇ ಕಡೆಗೆ ತಪ್ಪುವುದರಿಂದ ಮೊದಲು ತಿದ್ದಬೇಕು, ಆಮೇಲೆ ± ಹಾಕಬೇಕು.

ಅಂಕೋಲಾದಿಂದ: ಆದರೆ ಡ್ರೋನ್ ಪರದೆ ತೋರಿಸುವ ಎತ್ತರ ಹಾರಿಸಿದ ಜಾಗದಿಂದ ಅಲ್ವಾ? ಕಟ್ಟಿನ ಮೇಲಿಂದಲೇ ಹಾರಿಸಿದ್ದರೆ 50 ಅಂದರೆ ನೀರಿನಿಂದ 51.

ಕಾರವಾರದಿಂದ: ಹೌದು, ಆದರೂ ತಿದ್ದುಪಡಿ ಹತ್ತಿರ ಹತ್ತಿರ 4%ನೇ. ಕಟ್ಟಿನ ಎತ್ತರ ಒಂದೋ ಒಂದೂವರೆಯೋ ಅನ್ನುವುದೇ ಮುಖ್ಯ. ಒಂದೂವರೆ ಆದರೆ 6% ಆಗುತ್ತದೆ.

ಹೊನ್ನಾವರದಿಂದ: ಭರತದಲ್ಲಿ ತೆಗೆದದ್ದೋ ಇಳಿತದಲ್ಲೋ? ಕಟ್ಟು ಒಡೆದ ಗಜನಿಯಲ್ಲಿ ನೀರು ಏರಿ ಇಳಿಯುತ್ತದೆ. ಗಡಿಯೇ ಬದಲಾಗುತ್ತದಲ್ಲ.

ಕೇಳಿದವರು: ಫೋಟೋ ತೆಗೆದ ಹೊತ್ತು ನೋಡಿ ಹೇಳ್ತೇನೆ. ನಾಳೆ ಇಳಿತಕ್ಕೆ ಹೋಗಿ ಕಟ್ಟಿನ ಎತ್ತರ ಟೇಪು ಹಿಡಿದು ಅಳೆಯುತ್ತೇನೆ. ಅರ್ಜಿ ಅಲ್ಲಿಯವರೆಗೆ ಕೊಡುವುದಿಲ್ಲ.