ಟ್ರೇಸ್‌ನಲ್ಲಿ ಸ್ಟಾರ್ ಬಂದ ಕಡೆಯೇ ಲೈನ್ ಕಟ್ ಆಗಿದೆಯಾ?

ಶ್ರುತಿ, ಮೂಡಿಗೆರೆ: ಮಂಜಣ್ಣ, ಸಂಜೆ ಆಯಿತೆಂದರೆ ಆಫೀಸ್ ಮೀಟಿಂಗ್‌ನಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದಂತೆ. ಈಗಷ್ಟೇ ತೆಗೆದ ಟ್ರೇಸ್ ಹಾಕಿದ್ದೇನೆ, ನನ್ನ ಲ್ಯಾಪ್‌ಟಾಪ್‌ನಿಂದ ಗೂಗಲ್‌ನ 8.8.8.8ವರೆಗೆ ದಾರಿಯಲ್ಲಿ ಸಿಗುವ ರೂಟರ್‌ಗಳ ಪಟ್ಟಿ. 4ನೇ ಸಾಲಿನಲ್ಲಿ ಪೂರ್ತಿ ಸ್ಟಾರ್. ಅಲ್ಲೇ ಕಟ್ ಆಗುತ್ತಿದೆಯಾ?

```
tracert -d 8.8.8.8
 1    1 ms    1 ms    1 ms  192.168.1.1
 2  412 ms  388 ms    *     100.72.0.1
 3  395 ms  430 ms  401 ms  10.20.4.1
 4    *       *       *     Request timed out.
 5  421 ms    *     409 ms  10.20.9.5
 6  404 ms  399 ms  418 ms  8.8.8.8
```

ಕಿರಣ್, ಬೆಂಗಳೂರು (ಊರು ಸಕಲೇಶಪುರ): ನಾನು ಸಾಫ್ಟ್‌ವೇರ್‌ನಲ್ಲೇ ಇರೋದು. ನೋಡಿದ ತಕ್ಷಣ ಗೊತ್ತಾಗುತ್ತದೆ, 4ನೇ ರೂಟರ್ ಸತ್ತಿದೆ. ಮೇಲಾಗಿ 412, 395, 421, 404 ಕೂಡಿಸಿ, ಒಂದೂವರೆ ಸೆಕೆಂಡ್ ದಾಟಿತು. ನೆಟ್ ಕಂಪನಿಗೆ ಫೋನ್ ಹಾಕಿ, ಅವರದ್ದೇ ತಪ್ಪು.

ಮಂಜುನಾಥ್, ನೆಟ್‌ವರ್ಕ್ ಕೆಲಸ, ಹಾಸನ: ಕಿರಣ್ ಅವರೇ, ಕೂಡಿಸುವ ಹಾಗಿಲ್ಲ. ಪ್ರತಿ ಸಾಲಿನ ಸಮಯವೂ ಶ್ರುತಿಯವರ ಲ್ಯಾಪ್‌ಟಾಪ್‌ನಿಂದ ಹೊರಟು, ಆ ರೂಟರ್‌ವರೆಗೆ ಹೋಗಿ, ವಾಪಸ್ ಬಂದದ್ದು. 6ನೇ ಸಾಲಿನ 404ರೊಳಗೆ ಹಿಂದಿನ ಎಲ್ಲ ತಡವೂ ಸೇರಿಕೊಂಡಿದೆ. 4ನೆಯದು ಸತ್ತಿದ್ದರೆ 5 ಮತ್ತು 6 ಉತ್ತರ ಕೊಡುವುದು ಹೇಗೆ? ಅದರ ಮೂಲಕವೇ ದಾಟಿ ಹೋಗಿವೆ ಅಲ್ವಾ. ರೂಟರ್‌ಗೆ ಮುಖ್ಯ ಕೆಲಸ ಬೇರೆಯವರ ಡೇಟಾ ಸಾಗಿಸುವುದು. ರಶ್ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ದಾರಿ ಕೇಳಿದವರಿಗೆಲ್ಲ ಉತ್ತರ ಹೇಳುವುದಿಲ್ಲ, ಇದೂ ಹಾಗೆ. ಕೆಲವು ರೂಟರ್‌ಗಳಲ್ಲಿ ಈ ಉತ್ತರವನ್ನೇ ಬಂದ್ ಮಾಡಿಟ್ಟಿರುತ್ತಾರೆ.

ಶ್ರುತಿ, ನೀವು ನೋಡಬೇಕಾದ್ದು 4ನೇ ಸಾಲಲ್ಲ. 1 ಮತ್ತು 2ರ ನಡುವೆ ಏನಾಯಿತು ನೋಡಿ. 1 ಇದ್ದದ್ದು 412ಕ್ಕೆ ಹಾರಿದೆ. ಆಮೇಲೆ ಕೊನೆಯವರೆಗೂ ಅದೇ ಮಟ್ಟದಲ್ಲಿ ನಿಂತಿದೆ. ಒಂದೇ ಸಾಲಿನಲ್ಲಿ ಏರಿ ಮುಂದಿನ ಸಾಲಿನಲ್ಲಿ ಇಳಿದಿದ್ದರೆ, ಆ ರೂಟರ್ ಉತ್ತರ ಕೊಡಲು ಸೋಮಾರಿತನ ಮಾಡಿದೆ ಎಂದು ಬಿಟ್ಟುಬಿಡುತ್ತಿದ್ದೆ. ಏರಿದ್ದು ಕೊನೆಯವರೆಗೂ ಇಳಿಯದಿದ್ದರೆ ಅದು ನಿಜವಾದ ತಡ, ಹುಟ್ಟಿದ್ದು ಏರಿದ ಜಾಗದಲ್ಲಿ. ಅಲ್ಲಿಂದ ಮುಂದಿನ ದಾರಿ ನಿಮಗೆ ಚೆನ್ನಾಗಿಯೇ ಇದೆ.

ಟ್ರೇಸ್ ಒಂದು ಸಾಲಿಗೆ ಮೂರೇ ಸಲ ಕೇಳುತ್ತದೆ. ಅಷ್ಟನ್ನೇ ನಂಬಿ ಕಂಪನಿ ಜೊತೆ ಜಗಳಕ್ಕೆ ಇಳಿಯಬೇಡಿ. ಮೀಟಿಂಗ್ ಕೆಡುವ ಹೊತ್ತಿಗೇ ಮೂರು ಕಿಟಕಿ ತೆರೆದು ಈ ಪಿಂಗ್‌ಗಳನ್ನು ಒಟ್ಟಿಗೆ ಓಡಿಸಿ, ಒಂದೊಂದೂ ನೂರು ಸಲ ಕೇಳುತ್ತದೆ:

```
ping -n 100 192.168.1.1
ping -n 100 100.72.0.1
ping -n 100 8.8.8.8
```

ಲೋಕೇಶ್, ಅರಸೀಕೆರೆ: ಸರ್ ನಮ್ಮದರಲ್ಲೂ 5ನೇ ಸಾಲಿನಲ್ಲಿ ಮೂರು ಸ್ಟಾರ್ ಬರುತ್ತಿದೆ. 6, 7 ಬರುತ್ತಿದೆ. ಏನು ಮಾಡಲಿ?

ಮಂಜುನಾಥ್: ಏನೂ ಮಾಡಬೇಡಿ. ಮೇಲೆ ಬರೆದಿದ್ದೇನೆ.

ಗೀತಾ, ಬೇಲೂರು: ನಂದು 1ನೇ ಸಾಲೇ 240 ಎಂಎಸ್ ಇದೆ, 192.168.1.1.

ಮಂಜುನಾಥ್: ವೈಫೈ. ಕೇಬಲ್ ಚುಚ್ಚಿ ನೋಡಿ. 1 ಅಥವಾ 2ಕ್ಕೆ ಇಳಿದರೆ ಕಂಪನಿಗೆ ಫೋನ್ ಮಾಡುವ ಅಗತ್ಯವೇ ಇಲ್ಲ.

ನಾಗರಾಜ್, ಆಲೂರು: ಎಲ್ಲರಿಗೂ ಒಂದೇ ಮದ್ದು. ನನಗೆ ವಾಟ್ಸಾಪ್‌ನಲ್ಲಿ ಬಂದದ್ದು, ಫಾರ್ವರ್ಡ್ ಮಾಡುತ್ತಿದ್ದೇನೆ 👇 "ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ 30 ಸೆಕೆಂಡ್ ಒತ್ತಿ. ಡಿಎನ್‌ಎಸ್ 8.8.8.8 ಹಾಕಿ. ಹಿಂದುಗಡೆ ಅಲ್ಯುಮಿನಿಯಂ ಫಾಯಿಲ್ ಇಡಿ. ಸ್ಪೀಡ್ ಡಬಲ್."

ಮಂಜುನಾಥ್: ಯಾರೂ ಪಿನ್ ಚುಚ್ಚಬೇಡಿ. ಅದು ರೀಸ್ಟಾರ್ಟ್ ಬಟನ್ ಅಲ್ಲ. ಒತ್ತಿ ಹಿಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಎಲ್ಲ ಅಳಿಸಿಹೋಗುತ್ತದೆ. ನಿಧಾನ ಇದ್ದ ನೆಟ್ ಪೂರ್ತಿ ಹೋಗುತ್ತದೆ, ಆಮೇಲೆ ಶನಿವಾರ ಸಂಜೆ ನನಗೆ ಫೋನ್. ಇನ್ನು ಡಿಎನ್‌ಎಸ್. ಅದರ ಕೆಲಸ ಸೈಟ್ ಹೆಸರಿಗೆ ನಂಬರ್ ಹುಡುಕಿ ಕೊಡುವುದು. ಮೇಲಿನ ಟ್ರೇಸ್‌ನಲ್ಲಿ ಹೆಸರೇ ಇಲ್ಲ, ನೇರ ನಂಬರ್‌ಗೆ ಹೋಗಿದೆ, ಆದರೂ 400. ಡಿಎನ್‌ಎಸ್ ಬದಲಿಸಿ ಅದನ್ನು ಇಳಿಸುವುದು ಹೇಗೆ, ಹೇಳಿ?

ನಾಗರಾಜ್: ನಮ್ಮ ಮನೆಯಲ್ಲಿ ಸರಿ ಹೋಯಿತು ಸ್ವಾಮಿ. ಒಳ್ಳೆಯದಕ್ಕೆ ಹಾಕಿದೆ.

ಹರೀಶ್, ಹಾಸನ: ಮಂಜಣ್ಣ, ನನ್ನದು ವಿಚಿತ್ರ. ನೆಟ್ ಇಲ್ಲ. ಆದರೆ ಪಿಂಗ್ ಮಾಡಿದರೆ ಕೊನೆಗೆ 0% loss ಅಂತ ತೋರಿಸುತ್ತದೆ. ಹಾಗಾದರೆ ಲೈನ್ ಸರಿ ಇದೆ ತಾನೇ?

ಮಂಜುನಾಥ್: ಕೊನೆಯ ಲೆಕ್ಕ ಬಿಡಿ, ಮೇಲಿನ ಸಾಲುಗಳಲ್ಲಿ ಏನಿದೆ ಓದಿ ಹೇಳಿ.

ಹರೀಶ್: `Reply from 192.168.1.5: Destination host unreachable.` ನಾಲ್ಕು ಸಲವೂ ಇದೇ.

ಮಂಜುನಾಥ್: 192.168.1.5 ನಿಮ್ಮದೇ ಕಂಪ್ಯೂಟರ್. "ರೂಟರ್ ಸಿಗುತ್ತಿಲ್ಲ" ಎಂದು ಅದೇ ತನಗೆ ತಾನೇ ಹೇಳಿಕೊಳ್ಳುತ್ತಿದೆ. ವಿಂಡೋಸ್ ಅದನ್ನೂ ಉತ್ತರ ಬಂತು ಎಂದೇ ಲೆಕ್ಕ ಹಾಕುತ್ತದೆ. ಅದಕ್ಕೇ 0%. ನಿಮ್ಮ ತೊಂದರೆ ಮನೆ ದಾಟಿಯೇ ಇಲ್ಲ. ಕಂಪ್ಯೂಟರ್‌ನಿಂದ ರೂಟರ್‌ಗೆ ಹೋಗುವ ಕೇಬಲ್ ನೋಡಿ. `Request timed out.` ಬಂದಿದ್ದರೆ ಮಾತು ಬೇರೆ, ಆಗ ಕೇಳಿದ್ದು ಹೋಗಿರುತ್ತದೆ, ಉತ್ತರ ಬಂದಿರುವುದಿಲ್ಲ.

ಹರೀಶ್: ಇಲಿ ಕಡಿದಿದೆ.

ಶ್ರುತಿ: ಮಂಜಣ್ಣ, ಏಳು ಗಂಟೆಗೆ ಓಡಿಸಿದೆ. ರೂಟರ್ 1 ಎಂಎಸ್, ಲಾಸ್ ಇಲ್ಲ. 100.72.0.1 ಸರಾಸರಿ 390, ನೂರಕ್ಕೆ 9 ಹೋಗಿದೆ. 8.8.8.8 ಕೂಡ ಹೆಚ್ಚುಕಡಿಮೆ ಅಷ್ಟೇ.

ಕಿರಣ್: ನೋಡಿದ್ರಾ? 2ನೆಯದು ಕಂಪನಿಯದ್ದೇ ರೂಟರ್. ನಾನು ಹೇಳಿದ್ದು ಇದನ್ನೇ.

ಮಂಜುನಾಥ್: ನೀವು ಹೇಳಿದ್ದು 4. ಇರಲಿ. 2ನೆಯದು ಕಂಪನಿಯದ್ದು ಹೌದು, ಅಷ್ಟಕ್ಕೇ ತಪ್ಪು ಕಂಪನಿಯದ್ದು ಎಂದಾಗುವುದಿಲ್ಲ. 1 ಮತ್ತು 2ರ ನಡುವೆ ಮನೆಯ ಫೈಬರ್ ಬಾಕ್ಸ್, ಕಂಬದಿಂದ ಬಂದ ವೈರ್, ಸ್ಪ್ಲಿಟರ್, ಅಲ್ಲಿಂದ ಎಕ್ಸ್‌ಚೇಂಜ್‌ವರೆಗಿನ ಫೈಬರ್ ಎಲ್ಲ ಇದೆ. ಇಂಥ ಲೈನ್ 20 ಕಿಲೋಮೀಟರ್‌ವರೆಗೂ ಇರಬಹುದು. ಇವು ಯಾವುವೂ ಟ್ರೇಸ್‌ನಲ್ಲಿ ಸಾಲಾಗಿ ಬರುವುದಿಲ್ಲ. ಮಲೆನಾಡಿನಲ್ಲಿ ಮುಕ್ಕಾಲು ತೊಂದರೆ ಆಗುವುದು ಈ ಕಾಣದ ಜಾಗದಲ್ಲೇ. ಇನ್ನೊಂದು, ಆ ದಾರಿಗೆ ಡೇಟಾ ತುರುಕುತ್ತಿರುವುದು ನಿಮ್ಮ ಮನೆಯೇ ಇರಬಹುದು.

ಶ್ರುತಿ, ದೂರದಿಂದ 400 ಬರುವುದಿಲ್ಲ. ಫೈಬರ್‌ನಲ್ಲಿ ನೂರು ಕಿಲೋಮೀಟರ್ ಹೋಗಿ ಬರಲು ಸುಮಾರು 1 ಎಂಎಸ್ ಸಾಕು. ಇಷ್ಟು ತಡ ಎಂದರೆ ಪ್ಯಾಕೆಟ್‌ಗಳು ಎಲ್ಲೋ ಸಾಲಿನಲ್ಲಿ ಕಾಯುತ್ತಿವೆ. ಮನೆಯಲ್ಲಿ ಅಪ್‌ಲೋಡ್ ಮಾಡುವುದು ಏನೇನಿದೆ?

ಶ್ರುತಿ: ನನ್ನ ಲ್ಯಾಪ್‌ಟಾಪ್, ಅಪ್ಪನ ಫೋನ್ ಅಷ್ಟೇ. ಹಾಂ, ಕಾಫಿ ಒಣಗಿಸುವ ಕಣಕ್ಕೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ, ಅವು ಕ್ಲೌಡ್‌ಗೆ ಹೋಗುತ್ತವೆ. ಪ್ಲಾನ್‌ನಲ್ಲಿ ಅಪ್‌ಲೋಡ್ 10 ಎಂಬಿಪಿಎಸ್.

ಮಂಜುನಾಥ್: ಕ್ಯಾಮೆರಾ ರೆಕಾರ್ಡರ್‌ನ ನೆಟ್ ಕೇಬಲ್ ಕಿತ್ತು, ಅದೇ ಮೂರು ಪಿಂಗ್ ಮತ್ತೆ. ರೂಟರ್ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ರವಿ, ಚಿಕ್ಕಮಗಳೂರು: ಇದೆಲ್ಲ ಗೋಳು ಫೈಬರ್‌ನಿಂದ. ಟವರ್‌ನಿಂದ ಡಿಶ್ ಹಾಕಿಸಿಕೊಳ್ಳಿ, ಮರ ಬಿದ್ದರೂ ವೈರ್ ಕಟ್ ಆಗುವುದಿಲ್ಲ.

ಅಶೋಕ, ಕೊಪ್ಪ: ಮರ ಬೀಳುವುದೇ ಬೇಡ ಮಾರಾಯ, ಮುಂದೆ ಬೆಳೆದರೆ ಸಾಕು. ಮಳೆಯಲ್ಲಿ ಒದ್ದೆ ಎಲೆ ಅಡ್ಡ ಬಂದರೆ ನಿನ್ನ ಡಿಶ್ ಮಲಗುತ್ತದೆ. ಎರಡು ಮಳೆಗಾಲ ಅನುಭವಿಸಿದ್ದೇನೆ.

ರವಿ: ಕಟ್ಟಿದವನಿಗೆ ಕೆಲಸ ಬರುತ್ತಿರಲಿಲ್ಲ.

ಅಶೋಕ: ಕಟ್ಟಿದವನು ನಾನೇ.

ರವಿ: ಅದೇ ಹೇಳಿದ್ದು.

ಗೀತಾ: ಫೋನ್‌ನಲ್ಲೇ ಟ್ರೇಸ್ ಮಾಡುವ ಒಳ್ಳೆ ಆಪ್ ಯಾವುದು ಸರ್?

ಶ್ರುತಿ: ಕ್ಯಾಮೆರಾ ತೆಗೆದ ಕೂಡಲೇ 100.72.0.1 ಸರಾಸರಿ 6! ಆದರೆ ಲಾಸ್ ಪೂರ್ತಿ ಹೋಗಿಲ್ಲ, ನೂರಕ್ಕೆ 3. ಯಾಕೆ ಸಂಜೆ ಮಾತ್ರ ಹೀಗೆ? ಕ್ಯಾಮೆರಾ ಹಗಲೂ ಓಡುತ್ತದಲ್ಲ.

ಮಂಜುನಾಥ್: ಕತ್ತಲಲ್ಲಿ ಚಿತ್ರದ ತುಂಬ ಕಾಳು ಕಾಳಾಗಿ ಬರುತ್ತದೆ. ಕ್ಯಾಮೆರಾ ಅದನ್ನು ಅಲುಗಾಟ ಎಂದುಕೊಂಡು ಜಾಸ್ತಿ ಡೇಟಾ ಕಳಿಸುತ್ತದೆ. ಒಂದೊಂದು 4 ಎಂಬಿಪಿಎಸ್ ಎಂದರೂ ನಾಲ್ಕು ಸೇರಿ 16, ದಾರಿ ಇರುವುದು 10. ಮಿಕ್ಕಿದ್ದು ಬಾಕ್ಸ್‌ನಲ್ಲಿ ಕಾಯುತ್ತದೆ. ಅರ್ಧ ಎಂಬಿ ಸೇರಿದರೆ ಸಾಕು, ಅದು ಖಾಲಿಯಾಗಲು 400 ಎಂಎಸ್ ಬೇಕು. ನಿಮ್ಮ ಮಾತು ಅದರ ಹಿಂದೆ ನಿಂತಿರುತ್ತದೆ. ರೆಕಾರ್ಡರ್‌ನಲ್ಲಿ ಕ್ಲೌಡ್‌ಗೆ ಹೋಗುವುದನ್ನು ಸಬ್‌ಸ್ಟ್ರೀಮ್‌ಗೆ ಬದಲಿಸಿ, ಒಂದಕ್ಕೆ 512 ಕೆಬಿಪಿಎಸ್ ಇಡಿ. ಪೂರ್ತಿ ಸ್ಪಷ್ಟ ಚಿತ್ರ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ.

ನನಗೆ ಚಿಂತೆ ಆ 3ರದ್ದು. ತಡ ಇಲ್ಲದೆ ಬರೀ ಲಾಸ್ ಎಂದರೆ ಕಾಯುತ್ತಿರುವುದಲ್ಲ, ದಾರಿಯಲ್ಲೇ ಹಾಳಾಗುತ್ತಿದೆ. ಆ ರೂಟರ್ ನಮ್ಮ ಪಿಂಗನ್ನು ಅಲಕ್ಷ್ಯ ಮಾಡುತ್ತಿರಲೂಬಹುದು. 8.8.8.8ಕ್ಕೂ 3 ಹೋಗುತ್ತಿದೆಯಾ? ಹೋಗುತ್ತಿದ್ದರೆ ಬಾಕ್ಸ್‌ನ ಪೇಜ್ ತೆರೆದು ಆಪ್ಟಿಕಲ್ ಆರ್‌ಎಕ್ಸ್ ಪವರ್, ಅಂದರೆ ಫೈಬರ್‌ನಿಂದ ಬಾಕ್ಸ್‌ಗೆ ಬಂದು ಸೇರುವ ಬೆಳಕು ಎಷ್ಟಿದೆ ಹೇಳಿ.

ಶ್ರುತಿ: ಅದಕ್ಕೂ 3. ಪವರ್ -26.9. ಗಾಳಿ ಬಂದಾಗ ಲಾಸ್ ಜಾಸ್ತಿ.

ಮಂಜುನಾಥ್: ಅಂಚಿನಲ್ಲಿದೆ. ಇಂಥ ಬಾಕ್ಸ್‌ಗಳಿಗೆ -27, -28 ಎಂದರೆ ಕೊನೆ. ವೈರ್ ಮನೆಗೆ ಹೇಗೆ ಬಂದಿದೆ?

ಶ್ರುತಿ: ಕಂಬದಿಂದ ತೋಟದೊಳಗೆ. ಎರಡು ಸಿಲ್ವರ್ ಓಕ್ ಮರಕ್ಕೆ ಸುತ್ತಿ ಕಟ್ಟಿದ್ದಾರೆ. ಇನ್ನೂರು ಮೀಟರ್ ಇರಬಹುದು.

ಮಂಜುನಾಥ್: ಮರಕ್ಕೆ ಬಿಗಿದ ಕಡೆ ಸಣ್ಣ ಸುತ್ತು ಬಿದ್ದಿದ್ದರೆ ಬೆಳಕು ಅಲ್ಲೇ ಸೋರುತ್ತದೆ. ಮರ ಅಲುಗಿದಾಗ ಇನ್ನೂ ಜಾಸ್ತಿ. ಕಂಪನಿಯವನಿಗೆ "ನೆಟ್ ಸ್ಲೋ" ಎನ್ನಬೇಡಿ. ಪವರ್ ಮೀಟರ್ ತಂದು ಕಂಬದ ಹತ್ತಿರ ಒಂದು, ಮನೆಯಲ್ಲಿ ಒಂದು ಅಳತೆ ತೆಗೆಯಿರಿ ಅನ್ನಿ. ಇನ್ನೂರು ಮೀಟರ್ ಫೈಬರ್‌ನಲ್ಲಿ ಅರ್ಧ ಡಿಬಿ ಕೂಡ ಹೋಗಬಾರದು, ಕನೆಕ್ಟರ್‌ಗೆ ಇನ್ನೊಂದರ್ಧ ಬಿಡಿ. ನೀವೇ ಕನೆಕ್ಟರ್ ಬಿಚ್ಚಿ ಬಟ್ಟೆಯಲ್ಲಿ ಒರೆಸಬೇಡಿ. ತುದಿಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ, ಆದರೆ ಇರುತ್ತದೆ.

ನಾಗರಾಜ್: ಸ್ಪಿರಿಟ್ ಹಾಕಿ ಒರೆಸಿದರೆ ಸರಿ ಹೋಗುತ್ತದೆ ಅಂತ ಒಂದು ವಿಡಿಯೋ ಇದೆ, ಕಳಿಸಲಾ?

ಮಂಜುನಾಥ್: ಬೇಡ.

ಕಿರಣ್: ಒಟ್ಟಿನಲ್ಲಿ ವೈರ್ ಕಂಪನಿಯದ್ದು. ಅಂದರೆ ತಪ್ಪು ಕಂಪನಿಯದ್ದೇ ಆಯಿತು.

ಅಶೋಕ: ಸುಮ್ನಿರಿ ಸ್ವಲ್ಪ.

ಶ್ರುತಿ: ಇವತ್ತು ಬಂದಿದ್ದರು. ಕಂಬದಲ್ಲಿ -21.8, ಮನೆಯಲ್ಲಿ -26.7. ಎರಡನೇ ಮರದ ಹತ್ತಿರ ಬೈಂಡಿಂಗ್ ವೈರ್ ಹಾಕಿ ಬಿಗಿದಿದ್ದಾರೆ. ಬಿಚ್ಚಿದ ಮೇಲೆ -23.1. ಲಾಸ್ ಸೊನ್ನೆ. ಆದರೂ ವೈರ್ ಪೂರ್ತಿ ಬದಲಿಸಬೇಕು, ದುಡ್ಡು ನೀವೇ ಕೊಡಬೇಕು ಅನ್ನುತ್ತಿದ್ದಾರೆ. ಕೊಡಬೇಕಾ?

ಮಂಜುನಾಥ್: ಈಗಲೇ ಬೇಡ. ಇನ್ನೂ 1.3 ಡಿಬಿ ಹೋಗುತ್ತಿದೆ, ನನ್ನ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ಬಿಗಿದ ಜಾಗ ಒಳಗೆ ಪೆಟ್ಟಾಗಿರಬಹುದು. ಗಾಳಿ ಮಳೆ ಬಂದ ದಿನ ಪವರ್ ನೋಡಿ ಬರೆದಿಟ್ಟುಕೊಳ್ಳಿ. ಇಳಿಯದಿದ್ದರೆ ವೈರ್ ಇರಲಿ. ದುಡ್ಡು ಯಾರು ಕೊಡಬೇಕು ಎನ್ನುವುದು ನೀವು ಸಹಿ ಹಾಕಿದ ಫಾರಂನಲ್ಲಿ ಇರುತ್ತದೆ.

ರವಿ: ಡಿಶ್ ಆಗಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ.

ಅಶೋಕ: ಮತ್ತೆ ಶುರು.

ಲೋಕೇಶ್: ಸರ್, ಇವತ್ತು 5 ಮತ್ತು 7 ಎರಡರಲ್ಲೂ ಸ್ಟಾರ್. 8 ಬರುತ್ತಿದೆ. ಜಾಸ್ತಿ ಆಗುತ್ತಿದೆ ಅನ್ನಿಸುತ್ತದೆ.

ಮಂಜುನಾಥ್: ಲೋಕೇಶ್ ಅವರೇ, ನಿಮ್ಮ ನೆಟ್ ನಡೆಯುತ್ತಿದೆಯಾ?

ಲೋಕೇಶ್: ನಡೆಯುತ್ತಿದೆ ಸರ್, ಚೆನ್ನಾಗಿಯೇ ಇದೆ.

ಮಂಜುನಾಥ್: ಹಾಗಾದರೆ ಟ್ರೇಸ್ ಮಾಡುವುದು ನಿಲ್ಲಿಸಿ.