ಹೇಳಿದ್ದು ಡೇಟಾ ಅನಾಲಿಟಿಕ್ಸ್, ಮಾಡಿಸ್ತಿರೋದು ಟೆಲಿಕಾಲಿಂಗ್: ರಾಜೀನಾಮೆ ಹೇಗೆ ಬರೀಲಿ?

ಕೊನೇ ವರ್ಷದ ವಿದ್ಯಾರ್ಥಿನಿ, ಬೆಂಗಳೂರು: ಆರು ತಿಂಗಳ ಇಂಟರ್ನ್‌ಶಿಪ್. ಆಫರ್ ಲೆಟರಲ್ಲಿ ಡೇಟಾ ಅನಾಲಿಟಿಕ್ಸ್ ಅಂತಿದೆ. ಏಳು ವಾರದಿಂದ ಫೋನ್ ಮಾಡಿ ಕೋರ್ಸ್ ಮಾರ್ತಿದೀನಿ. 15 ದಿನ ನೋಟಿಸ್ ಅಂತ ಸಹಿ ಹಾಕಿದೀನಿ. ಬಿಡ್ಬೇಕು, ಪತ್ರ ಹೇಗೆ ಬರೀಲಿ ಸರ್?

ಸಾಫ್ಟ್‌ವೇರ್ ಉದ್ಯೋಗಿ: ನಾಳೆಯಿಂದ ಹೋಗ್ಬೇಡಿ, ಅಷ್ಟೇ. ಬಲವಂತವಾಗಿ ದುಡಿಸೋಕೆ ಯಾರಿಗೂ ಆಗಲ್ಲ. ಬಾಂಡ್, ನೋಟಿಸ್ ಯಾವುದೂ ಕೋರ್ಟಲ್ಲಿ ನಿಲ್ಲಲ್ಲ.

ಎಚ್.ಆರ್., 18 ವರ್ಷದ ಅನುಭವ: ದುಡಿಸೋಕೆ ಆಗಲ್ಲ ಅನ್ನೋದು ನಿಜ. ಆದ್ರೆ ಎಲ್ಲ ಷರತ್ತೂ ಬಿದ್ದುಹೋಗಲ್ಲ. ಮೂರು ವರ್ಷಕ್ಕೆ ಮುಂಚೆ ಬಿಟ್ಟವರು 2 ಲಕ್ಷ ಕಟ್ಟಬೇಕೆಂಬ ವಿಜಯ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಹೇಳದೆ ಬಿಟ್ಟರೆ, "ಹುಡುಗಿ ನಾಪತ್ತೆ" ಅಂತ ಅವರು ಕಾಲೇಜಿಗೆ ಬರೀಬಹುದು. ಆಮೇಲೆ ತಪ್ಪು ನಿಮ್ಮದೇ ಆಗುತ್ತೆ. ಕೆಲಸ ಬದಲಿಸಿ ಅಂತ ಲಿಖಿತವಾಗಿ ಕೇಳಿದ್ದೀರಾ ಅಮ್ಮಾ?

ವಿದ್ಯಾರ್ಥಿನಿ: ಇಲ್ಲ ಸರ್, ಟೀಮ್ ಲೀಡ್‌ಗೆ ಬಾಯಲ್ಲಿ ಹೇಳಿದ್ದೆ.

ಎಚ್.ಆರ್.: ಹಾಗಾದ್ರೆ ಇವತ್ತೇ ಒಂದು ಮೇಲ್ ಹಾಕಿ, ಮೂರು ದಿನ ಕಾಯಿರಿ. ಆ ಮೇಲ್ ಇದ್ರೇನೇ ರಾಜೀನಾಮೆಗೆ ಬಲ. ಆಮೇಲೆ ಹೀಗೆ ಬರೀರಿ, ತಾರೀಕು ನಿಮ್ಮದು ಹಾಕಿಕೊಳ್ಳಿ:

> ಮಾನ್ಯರೇ,
> ಜನವರಿ 19ರಂದು ಡೇಟಾ ಅನಾಲಿಟಿಕ್ಸ್ ಇಂಟರ್ನ್ ಆಗಿ ಸೇರಿದೆ. ಆಫರ್ ಲೆಟರಿನಲ್ಲಿ ಇದೇ ಕೆಲಸವನ್ನು ನಮೂದಿಸಲಾಗಿದೆ. ಆದರೆ ಏಳು ವಾರಗಳಿಂದ ನನಗೆ ಕೊಟ್ಟಿರುವುದು ಫೋನ್ ಮೂಲಕ ಕೋರ್ಸ್ ಮಾರುವ ಕೆಲಸ. ಬದಲಾವಣೆ ಕೋರಿ ಮಾರ್ಚ್ 9ರಂದು ಮೇಲ್ ಕಳಿಸಿದ್ದೆ, ಬದಲಾವಣೆ ಆಗಲಿಲ್ಲ. ಆದ್ದರಿಂದ ಇಂದು, ಮಾರ್ಚ್ 12ರಂದು, 15 ದಿನಗಳ ನೋಟಿಸ್ ಕೊಟ್ಟು ರಾಜೀನಾಮೆ ನೀಡುತ್ತಿದ್ದೇನೆ. ಮಾರ್ಚ್ 27 ನನ್ನ ಕೊನೆಯ ದಿನ. ಅಷ್ಟರೊಳಗೆ ಕಾಲ್ ಲಿಸ್ಟ್ ಒಪ್ಪಿಸುತ್ತೇನೆ. ಅಲ್ಲಿಯವರೆಗಿನ ಸ್ಟೈಪೆಂಡ್ ಹಾಗೂ ಕೆಲಸ ಮಾಡಿದ ಅವಧಿಯ ಪ್ರಮಾಣಪತ್ರ ಕೊಡಬೇಕೆಂದು ಕೋರುತ್ತೇನೆ.

"ಮೋಸ", "ಸುಳ್ಳು" ಅನ್ನೋ ಪದ ಬೇಡ. ಆ ಮಾತು ಬಂದ ಕೂಡಲೇ ಅವರು ವಾದಕ್ಕೆ ಇಳೀತಾರೆ, ಪ್ರಮಾಣಪತ್ರ ಅಲ್ಲೇ ಉಳಿಯುತ್ತೆ. ತಾರೀಕು, ಆಫರ್ ಲೆಟರಿನ ಮಾತು, ಮಾಡಿದ ಕೆಲಸ ಇಷ್ಟಿದ್ರೆ ಅವರಿಗೆ ಅಲ್ಲಗಳೆಯೋಕೆ ಏನೂ ಸಿಗಲ್ಲ. ಕಾಪಿ ನಿಮ್ಮ ಸ್ವಂತ ಮೇಲ್‌ಗೂ ಹೋಗಲಿ. ರಾಜೀನಾಮೆ ಕೊಟ್ಟ ದಿನವೇ ಆಫೀಸ್ ಮೇಲ್ ಬಂದ್ ಮಾಡಿದ್ದನ್ನ ನಾನೇ ನೋಡಿದ್ದೇನೆ.

ಗೃಹಿಣಿ, ಮೈಸೂರು: ನಮ್ಮ ಮಗನೂ ಮೂರು ವರ್ಷ ದುಡಿದು ಬಿಟ್ಟ, ಪಿಎಫ್ ಬರೋಕೆ ತುಂಬಾ ಅಲೆದಾಡಿದ್ವಿ. ಮೊದ್ಲು ಪಿಎಫ್ ನಂಬರ್ ಇಸ್ಕೊಳಮ್ಮ.

ಎಚ್.ಆರ್.: ಅವರು ನೌಕರರು ಮೇಡಂ. ಈಕೆಗೆ ಬರ್ತಿರೋದು ಸ್ಟೈಪೆಂಡ್, ಪಿಎಫ್ ಹಿಡಿದಿರೋ ಹಾಗೆ ಕಾಣಲ್ಲ.

ಕಾಲೇಜು ಪ್ಲೇಸ್‌ಮೆಂಟ್ ಅಧಿಕಾರಿ: ಪತ್ರಕ್ಕಿಂತ ಮುಂಚೆ ಗೈಡ್‌ಗೆ ಹೇಳಿ. ಮಧ್ಯದಲ್ಲಿ ಕಂಪನಿ ಬದಲಿಸಿದ್ರೆ ಹಳೇ ಏಳು ವಾರ ಲೆಕ್ಕಕ್ಕೆ ತಗೋತಾರೋ ಇಲ್ವೋ ಅನ್ನೋದು ಕಾಲೇಜಿನ ಕೈಲಿದೆ. ಪ್ರಮಾಣಪತ್ರದಲ್ಲಿ "ಸೇಲ್ಸ್" ಅಂತ ಬಂದ್ರೆ ನಮ್ಮಲ್ಲಂತೂ ಒಪ್ಪಲ್ಲ.

ಎಚ್.ಆರ್.: ಹಾಗಂತ ಮಾಡದ ಕೆಲಸ ಬರೆಸಿಕೊಳ್ಳೋದು ತಪ್ಪು ಸರ್. ಮುಂದೆ ಇಂಟರ್ವ್ಯೂನಲ್ಲಿ ಅದನ್ನೇ ಕೇಳ್ತಾರೆ.

ವಿದ್ಯಾರ್ಥಿನಿ: ಮೇಲ್ ಹಾಕಿದೆ ಸರ್. ಗೈಡ್‌ಗೂ ಹೇಳಿದೆ, ಸೋಮವಾರ ಎಚ್‌ಒಡಿ ಹತ್ರ ಕೇಳಿ ಹೇಳ್ತೀನಿ ಅಂದ್ರು.