ಒಂದೇ ಕಂಪನಿ ಸಿಮ್, ಎರಡು ಫೋನ್, ಎರಡು ಸ್ಪೀಡ್

ಸೇಡಂ ರಸ್ತೆಯ ಮೇಷ್ಟ್ರು: ಸರ್, ನನ್ನದೂ ಮಗಳದೂ ಒಂದೇ ಕಂಪನಿ ಸಿಮ್. ಒಂದೇ ಕಟ್ಟೆ ಮೇಲೆ ಕೂತು ಸ್ಪೀಡ್ ನೋಡಿದರೆ ನನಗೆ 22 ಎಂಬಿಪಿಎಸ್, ಅವಳಿಗೆ 70. ಎರಡೂ 4ಜಿ ಫೋನೇ. ನನ್ನ ಸಿಮ್ ಕೆಟ್ಟಿದೆಯಾ?

ಟವರ್ ಎಂಜಿನಿಯರ್: ಸಿಮ್ ಅದಲು ಬದಲು ಮಾಡಿ ನೋಡಿ ಮೇಷ್ಟ್ರೇ.

ಮೇಷ್ಟ್ರು: ಮಾಡಿದೆ. ಅವಳ ಸಿಮ್ ನನ್ನ ಫೋನಿಗೆ ಹಾಕಿದರೂ 24.

ಎಂಜಿನಿಯರ್: ಹಾಗಾದರೆ ಸಿಮ್ ಸರಿ ಇದೆ, ವ್ಯತ್ಯಾಸ ಫೋನಿನದು. ಬ್ಯಾಂಡ್ ಅಂದರೆ ಟವರ್ ಡೇಟಾ ಕಳಿಸುವ ತರಂಗದ ಪಟ್ಟಿ. ನಿಮ್ಮ ಟವರಿನಲ್ಲಿ ಬ್ಯಾಂಡ್ 3ರದ್ದು 10 ಮೆಗಾಹರ್ಟ್ಸ್ ಅಗಲ, ಬ್ಯಾಂಡ್ 40ರದ್ದು 20 ಇದೆ ಅಂದುಕೊಳ್ಳಿ. ಮಗಳ ಫೋನ್ ಎರಡರಿಂದಲೂ ಒಟ್ಟಿಗೆ ಡೇಟಾ ಎಳೆಯುತ್ತದೆ. ನಿಮ್ಮದು ಒಂದನ್ನೇ ಹಿಡಿದುಕೊಂಡಿರುತ್ತದೆ. ಯಾವ ಯಾವ ಬ್ಯಾಂಡ್ ಜೋಡಿಸಬಲ್ಲೆ ಅಂತ ಫೋನೇ ಟವರಿಗೆ ಪಟ್ಟಿ ಕೊಡುತ್ತದೆ. 3 ಬರುತ್ತದೆ, 40 ಬರುತ್ತದೆ ಅಂದರೆ ಸಾಲದು. 3 ಮತ್ತು 40ರ ಜೋಡಿಯೇ ಆ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಟವರ್ ಎರಡನೆಯದನ್ನು ಕೊಡುವುದೇ ಇಲ್ಲ. ಫೋನಿನ ಮೋಡೆಮ್ ದರ್ಜೆ ಕ್ಯಾಟ್ 4 ಆಗಿದ್ದರೆ ಸಾಮಾನ್ಯವಾಗಿ ಜೋಡಣೆಯೇ ಆಗದು. ಕ್ಯಾಟ್ 6 ಆದರೆ ಎರಡು ಸೇರುತ್ತವೆ. ದೊಡ್ಡ ಫೈಲ್ ಇಳಿಸುತ್ತಾ ಮೇಲೆ 4G+ ಬರುತ್ತದಾ ನೋಡಿ, ಬಂದರೆ ಜೋಡಣೆ ಆಗಿದೆ ಅಂತ. ಕೆಲವು ಫೋನ್ ಅದನ್ನು ತೋರಿಸುವುದಿಲ್ಲ. ಫೋನ್ ಸುಮ್ಮನಿದ್ದಾಗ ನೋಡಬೇಡಿ, ಡೇಟಾ ಹರಿಯದಿದ್ದರೆ ಟವರ್ ಎರಡನೆಯದನ್ನು ಬಿಟ್ಟುಬಿಡುತ್ತದೆ.

ಶಹಾಬಾದಿನ ಅಕ್ಕ: ನಮ್ಮಲ್ಲಿ ಅಂಗಳದಲ್ಲಿ 4G+ ಬರುತ್ತೆ, ಒಳಗೆ ಬಂದರೆ ಹೋಗುತ್ತೆ. ಫೋನ್ ಹಾಳಾ ಸರ್?

ಎಂಜಿನಿಯರ್: ಇಲ್ಲ ಅಕ್ಕಾ. ಬ್ಯಾಂಡ್ 40 ಅಂದರೆ 2300 ಮೆಗಾಹರ್ಟ್ಸಿನ ತರಂಗ. ದಪ್ಪ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. 850ರ ಬ್ಯಾಂಡ್ 5 ಒಳಗೂ ಬರುತ್ತದೆ, ಆದರೆ ಅದರ ಅಗಲ ಕಡಿಮೆ.

ಮೊಬೈಲ್ ಅಂಗಡಿಯವರು: ಫಾರ್ವರ್ಡ್ ಬಂದಿದೆ ನೋಡಿ. ಎಪಿಎನ್ ಬದಲಿಸಿ, `*#*#4636#*#*` ಒತ್ತಿ LTE only ಇಡಿ. ಸ್ಪೀಡ್ ಡಬಲ್.

ಎಂಜಿನಿಯರ್: ಇದು ಮೂರನೇ ಸಲ. ಎಪಿಎನ್ ಇಂಟರ್ನೆಟ್ಟಿಗೆ ದಾರಿ ಅಷ್ಟೇ, ಬ್ಯಾಂಡ್ ಜೋಡಿಸುವುದಿಲ್ಲ. LTE only ಅಂದರೆ 4ಜಿ ಮಾತ್ರ. ಹಾಗಿಟ್ಟರೆ 4ಜಿಯಲ್ಲೇ ಕರೆ ತರುವ ವೋಲ್ಟಿ ಇಲ್ಲದ ಫೋನಿಗೆ ಕರೆಯೇ ಬರುವುದಿಲ್ಲ. ಮನೆಯಲ್ಲಿ ವಯಸ್ಸಾದವರ ಫೋನಿಗೆ ಹೀಗೆ ಮಾಡಿಟ್ಟು ಹೋಗಬೇಡಿ. ಒಂದೇ ಬ್ಯಾಂಡಿಗೆ ಲಾಕ್ ಮಾಡುವವರೂ ಕೇಳಿ, ಜೋಡಣೆ ಅಲ್ಲಿಗೇ ಮುಗಿಯಿತು.

ಅಂಗಡಿಯವರು: ನಮ್ಮ ಗಿರಾಕಿಗೆ 8 ಇದ್ದದ್ದು 30 ಆಗಿದೆ. ಕಣ್ಣಾರೆ ನೋಡಿದ್ದೇನೆ.

ಸೂಪರ್ ಮಾರ್ಕೆಟ್ ಹುಡುಗ: ಅಣ್ಣಾ, 8 ಯಾವಾಗ ನೋಡಿದ್ರಿ, ಎಲ್ಲರೂ ನೆಟ್ ಬಳಸೋ ರಾತ್ರಿ 9ಕ್ಕಾ? 30 ಬೆಳಿಗ್ಗೆ 6ಕ್ಕಾ?

ಅಂಗಡಿಯವರು: ನಿನಗೆ ಏನು ಗೊತ್ತೋ? 12 ವರ್ಷದಿಂದ ಇದೇ ಕೆಲಸ ನನ್ನದು.

ಹುಡುಗ: ವರ್ಷ ಕೇಳಲಿಲ್ಲ, ಟೈಮ್ ಕೇಳಿದೆ.

ಎಂಜಿನಿಯರ್: ಫೋನ್ 3ಜಿಗೆ ಜಾರುತ್ತಿದ್ದರೆ LTE onlyಯಿಂದ ಫರಕ್ ಬೀಳುತ್ತದೆ. ಅಷ್ಟು ನಿಜ. ಜಗಳ ಬೇರೆ ಕಡೆ ಆಡಿ.

ಆಳಂದದವರು: ಸರ್, 5ಜಿ ಫೋನ್ ತಗೊಂಡರೆ ನಮ್ಮ ಊರಲ್ಲಿ ಉಪಯೋಗ ಇದೆಯಾ?

ಹೊಸ ಸದಸ್ಯರು: ಒಂದೇ ಸಿಮ್ ಕಂಪನಿ, ನನ್ನ ಫೋನ್ ಮಾತ್ರ ಸ್ಲೋ. ಯಾಕೆ?

ಎಂಜಿನಿಯರ್: ಮೇಲೆ ಓದಿ.

ಮೇಷ್ಟ್ರು: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನನ್ನದೂ ಜೋಡಿಸುತ್ತದಾ ಸರ್?

ಎಂಜಿನಿಯರ್: ಚಿಪ್‌ನಲ್ಲಿ ಶಕ್ತಿ ಇದ್ದು, ಫೋನ್ ಮಾಡಿದವರು ಆ ಜೋಡಿಯನ್ನು ಇನ್ನೂ ತೆರೆಯದಿದ್ದರೆ ಆಗಬಹುದು. ಕ್ಯಾಟ್ 4 ಇದ್ದರೆ ಸಾಮಾನ್ಯವಾಗಿ ಯಾವ ಅಪ್‌ಡೇಟಿಗೂ ಆಗದು. ಮಾಡೆಲ್ ನಂಬರ್ ಕಳಿಸಿ, ನೋಡಿ ಹೇಳುತ್ತೇನೆ.